ತಪ್ಪು ಉತ್ತರಕ್ಕೂ ಒಂದು ಲೆಕ್ಕವಿದೆ

ನಾಲ್ಕು ಆಯ್ಕೆಗಳ ಪ್ರಶ್ನೆ ಬರೆಯಲು ಕೂತವರಿಗೆ ಸರಿಯುತ್ತರ ಕಷ್ಟವಲ್ಲ. ಅದು ಉಪನ್ಯಾಸದ ಸಾರಾಂಶದಲ್ಲೇ ಇರುತ್ತದೆ. ಬೆವರಿಳಿಸುವುದು ಉಳಿದ ಮೂರು. ಅದೇ ಪ್ರಶ್ನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಬೇಕೆಂದರೆ ಕೆಲಸ ಇನ್ನೂ ಸೂಕ್ಷ್ಮ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಡವಿದ್ದಕ್ಕೆ ಡಿಸೆಂಬರ್ 29ರಂದು ಮರುಪರೀಕ್ಷೆಯನ್ನೇ ನಡೆಸಬೇಕಾಯಿತು. ತರಗತಿಯ ಕಿರುಪರೀಕ್ಷೆಗೆ ಪ್ರಶ್ನೆ ಬರೆಯುವ ಬೋಧನಾ ಸಹಾಯಕರೂ ಎಡವುವುದು ಇಂಥದ್ದೇ ಜಾಗಗಳಲ್ಲಿ.

ಒಂದು ಉದಾಹರಣೆ ನೋಡೋಣ. ಭೌತವಿಜ್ಞಾನದ ಉಪನ್ಯಾಸವೊಂದರ ಸಾರಾಂಶದಲ್ಲಿ ಈ ವಾಕ್ಯವಿದೆ: 'ಸರಾಸರಿ ವೇಗವೆಂದರೆ ಒಟ್ಟು ಸ್ಥಾನಪಲ್ಲಟವನ್ನು ಒಟ್ಟು ಕಾಲದಿಂದ ಭಾಗಿಸಿದ್ದು.' ಇದನ್ನೇ ತಿರುಗಿಸಿ 'ಸರಾಸರಿ ವೇಗ ಎಂದರೇನು?' ಎಂದು ಕೇಳಿದರೆ ಬಾಯಿಪಾಠ ಮಾಡಿದವರಿಗೆ ಅಂಕ ಸಿಗುತ್ತದೆ, ಅಷ್ಟೇ. ಅದರ ಬದಲು ಒಂದು ಸನ್ನಿವೇಶ ಕೊಡಬಹುದು. ಹುಡುಗಿಯೊಬ್ಬಳು ಪೂರ್ವಕ್ಕೆ 80 ಮೀಟರ್ ದೂರವನ್ನು 40 ಸೆಕೆಂಡಿನಲ್ಲಿ ನಡೆದು, ಬಂದ ದಾರಿಯಲ್ಲೇ 20 ಮೀಟರ್ ಹಿಂದಕ್ಕೆ 10 ಸೆಕೆಂಡಿನಲ್ಲಿ ಬರುತ್ತಾಳೆ. ಪೂರ್ವದ ಕಡೆಗೆ ಅವಳ ಸರಾಸರಿ ವೇಗ ಸೆಕೆಂಡಿಗೆ ಎಷ್ಟು ಮೀಟರ್?

ಹೊರಟಲ್ಲಿಂದ ಅವಳು 60 ಮೀಟರ್ ಆಚೆ ಇದ್ದಾಳೆ. ಹಿಡಿದ ಕಾಲ 50 ಸೆಕೆಂಡು. ಉತ್ತರ 1.2. ಇನ್ನು ಉಳಿದ ಮೂರನ್ನು ತೋಚಿದ ಅಂಕಿಗಳಿಂದ ತುಂಬಬಾರದು. ವಿದ್ಯಾರ್ಥಿ ಎಲ್ಲಿ ಜಾರುತ್ತಾನೆ ಎಂದು ಯೋಚಿಸಿ, ಆ ಜಾರಿಕೆ ಯಾವ ಅಂಕಿಗೆ ಮುಟ್ಟುತ್ತದೋ ಅದನ್ನೇ ಬರೆಯಬೇಕು. ಸ್ಥಾನಪಲ್ಲಟದ ಬದಲು ನಡೆದ ದೂರ ತೆಗೆದುಕೊಂಡವನಿಗೆ 100ನ್ನು 50ರಿಂದ ಭಾಗಿಸಿ 2 ಬರುತ್ತದೆ. ಹಿಂದಕ್ಕೆ ಬಂದ ಕಾಲ ಮರೆತವನಿಗೆ 60ನ್ನು 40ರಿಂದ ಭಾಗಿಸಿ 1.5. ಹೋಗುವಾಗಿನ 2, ಬರುವಾಗಿನ ಋಣ 2 ಕೂಡಿಸಿ ಎರಡರಿಂದ ಭಾಗಿಸಿದವನಿಗೆ ಸೊನ್ನೆ. ಹೀಗೆ ಬರೆದ ಆಯ್ಕೆಯಲ್ಲಿ ಅನುಕೂಲವೊಂದಿದೆ: ವಿದ್ಯಾರ್ಥಿ ಯಾವುದಕ್ಕೆ ಗುರುತು ಹಾಕಿದ ಎಂಬುದೇ ಅವನಿಗೆ ಏನು ತಿಳಿದಿಲ್ಲ ಎಂದು ಹೇಳಿಬಿಡುತ್ತದೆ. ನಾಲ್ಕನ್ನೂ ಏರಿಕೆಯ ಕ್ರಮದಲ್ಲಿ 0, 1.2, 1.5, 2 ಎಂದು ಕೊಟ್ಟರೆ ಸರಿಯುತ್ತರದ ಜಾಗವೂ ಸುಳಿವು ಕೊಡದು.

ಈಗ ಭಾಷೆಯ ತೊಡಕು. ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ. ಆದರೆ ಬಸ್ಸು 'ವೇಗವಾಗಿ' ಹೋಯಿತು ಎನ್ನುವಾಗ ನಾವು ದಿಕ್ಕಿನ ಮಾತೆತ್ತುವುದೇ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಓದಿದವನು ಪಾಠ ತಿಳಿಯದಿದ್ದರೆ ಮಾತ್ರ 2ಕ್ಕೆ ಗುರುತು ಹಾಕುತ್ತಾನೆ. ಕನ್ನಡದಲ್ಲಿ ಓದಿದವನು ಪಾಠ ತಿಳಿದಿದ್ದೂ ಮನೆಮಾತಿನ ಅರ್ಥ ಹಿಡಿದು ಅಲ್ಲಿಗೇ ಹೋಗಬಹುದು. ಒಂದೇ ಪ್ರಶ್ನೆ ಎರಡು ಭಾಷೆಯಲ್ಲಿ ಎರಡು ಪ್ರಶ್ನೆಯಾಯಿತು. ಇದಕ್ಕೆ ಪರಿಹಾರ, ಕನ್ನಡ ಒಕ್ಕಣೆಯಲ್ಲೂ 'ವೇಗ'ದ ಪಕ್ಕ 'ವೆಲಾಸಿಟಿ' ಎಂದು ಬರೆಯುವುದು, ಪಾಠದಲ್ಲಿ ಬಳಸಿದ ಪದವನ್ನೇ ಕೊನೆಯವರೆಗೂ ಉಳಿಸಿಕೊಳ್ಳುವುದು.

ಇಂಗ್ಲಿಷಿನಲ್ಲಿ ಕಾಣದ ಇನ್ನೊಂದು ಸುಳಿವನ್ನು ಕನ್ನಡದ ಪ್ರತ್ಯಯ ಬಿಟ್ಟುಕೊಡುತ್ತದೆ. 'ಜಡತ್ವದ ಅಳತೆ ಎಂದರೆ ವಸ್ತುವಿನ ____ಯೇ' ಎಂದು ಬರೆದು ದೂರ, ಜವ, ತೂಕ, ದ್ರವ್ಯರಾಶಿ ಎಂಬ ಆಯ್ಕೆ ಕೊಟ್ಟರೆ ಭೌತವಿಜ್ಞಾನ ಬಾರದವನೂ ಉತ್ತರಿಸುತ್ತಾನೆ. 'ಯೇ' ಕೂಡುವುದು ದ್ರವ್ಯರಾಶಿಗೆ ಮಾತ್ರ. ಉಳಿದವು ದೂರವೇ, ಜವವೇ, ತೂಕವೇ ಆಗುತ್ತವೆ. ಬಿಟ್ಟ ಸ್ಥಳದ ಬದಲು 'ಜಡತ್ವದ ಅಳತೆ ಯಾವುದು?' ಎಂದು ಕೇಳಿದರೆ ತೊಂದರೆ ತಪ್ಪುತ್ತದೆ.

ಬರೆದದ್ದು ಸರಿಯಿದೆಯೇ ಎಂದು ಪರೀಕ್ಷೆಗೆ ಮೊದಲೇ ತಿಳಿಯಬೇಕಾದರೆ ಇಂಗ್ಲಿಷ್ ಭಾಗ ಮುಚ್ಚಿ ಕನ್ನಡವನ್ನಷ್ಟೇ ಒಬ್ಬ ಸಹೋದ್ಯೋಗಿಗೆ ಕೊಡಿ. ಅವರು ಇಂಗ್ಲಿಷ್ ಏನಿದೆ ಎಂದು ಇಣುಕಲು ಹೊರಟರೆ ಕನ್ನಡ ತನ್ನ ಕಾಲ ಮೇಲೆ ನಿಂತಿಲ್ಲ ಎಂದೇ ಅರ್ಥ.

ಪರೀಕ್ಷೆ ಮುಗಿದ ಮೇಲೆ ಎಣಿಸುವ ಕೆಲಸವಿದೆ. ನೂರಕ್ಕೆ ಐದು ಮಂದಿಯೂ ಮುಟ್ಟದ ತಪ್ಪುತ್ತರ ನಿರುಪಯೋಗಿ ಎಂಬುದು ಪರೀಕ್ಷಾ ಕ್ಷೇತ್ರದ ರೂಢಿಯ ಅಳತೆ. ಅರವತ್ತು ಜನರ ತರಗತಿಯಲ್ಲಿ ಅದು ಮೂವರು. ಒಟ್ಟಾರೆ ಹೆಚ್ಚು ಅಂಕ ಪಡೆದವರೇ ಒಂದು ತಪ್ಪುತ್ತರಕ್ಕೆ ಮುಗಿಬಿದ್ದಿದ್ದರೆ ದೋಷ ಪ್ರಶ್ನೆಯಲ್ಲಿರಬಹುದು. ಉತ್ತರಪತ್ರಿಕೆಯ ಮೇಲೆ ಯಾವ ಭಾಷೆಯಲ್ಲಿ ಓದಿದರು ಎಂದು ಗುರುತು ಹಾಕಿಸಿಕೊಂಡಿದ್ದರೆ ಮತ್ತೊಂದೂ ಕಾಣುತ್ತದೆ. ಉಳಿದ ಪ್ರಶ್ನೆಗಳಲ್ಲಿ ಸಮಸಮವಾಗಿದ್ದ ಎರಡು ಗುಂಪಿನಲ್ಲಿ, ಕನ್ನಡದಲ್ಲಿ ಓದಿದವರೇ 2ರ ಕಡೆ ಹೋಗಿದ್ದಾರೆಯೇ? ಸಣ್ಣ ತರಗತಿಯ ಅಂಕಿಯಿಂದ ತೀರ್ಪು ಕೊಡಲಾಗದು. ಹಾಗೆ ಗುರುತು ಹಾಕಿದ ಇಬ್ಬರನ್ನು ಕರೆದು 'ವೇಗ ಅಂದರೆ ಏನೆಂದುಕೊಂಡೆ?' ಎಂದು ಕೇಳಿ. 'ಎಷ್ಟು ಜೋರಾಗಿ ಹೋದಳು ಅಂತ, ಸರ್' ಎಂಬ ಉತ್ತರ ಬಂದರೆ, ಅವರ ಅಂಕ ಕಳೆಯುವ ಮೊದಲು ಪ್ರಶ್ನೆಯನ್ನು ತಿದ್ದಿ.