ಪಕ್ಕದ ಬಂಧದ ಆಸರೆ

ಟರ್ಷಿಯರಿ ಬ್ಯುಟೈಲ್ ಕ್ಲೋರೈಡ್ ನೀರಿನ ಜೊತೆ ಬೆರೆತರೆ ಅದರ ಕ್ಲೋರಿನ್ ಬೇಗ ಕಳಚಿಕೊಳ್ಳುತ್ತದೆ. ಈಥೈಲ್ ಕ್ಲೋರೈಡ್‌ನದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕ್ಲೋರಿನ್ ತನ್ನೊಡನೆ ಎಲೆಕ್ಟ್ರಾನ್ ಜೋಡಿಯನ್ನೂ ಒಯ್ಯುವುದರಿಂದ ಕಾರ್ಬನ್ ಮೇಲೆ ಧನಾವೇಶ ಉಳಿದು, ಅದರ ಒಂದು ಪಿ ಕಕ್ಷಕ ಬರಿದಾಗುತ್ತದೆ. ಪಕ್ಕದ ಮೀಥೈಲ್ ಗುಂಪಿನ ಕಾರ್ಬನ್-ಹೈಡ್ರೋಜನ್ ಬಂಧ ಈ ಕಕ್ಷಕಕ್ಕೆ ಸಮಾನಾಂತರವಾಗಿ ನಿಂತಾಗ ಎರಡೂ ಒಂದರ ಮೇಲೊಂದು ವ್ಯಾಪಿಸಿ, ಬಂಧದ ಎಲೆಕ್ಟ್ರಾನ್‌ಗಳು ಆ ಖಾಲಿ ಜಾಗಕ್ಕೆ ತುಸು ಹರಡುತ್ತವೆ. ಇದೇ ಹೈಪರ್‌ಕಾಂಜುಗೇಷನ್. ಈಥೈಲ್ ಅಯಾನಿಗೆ ಹೀಗೆ ನೆರವಾಗಬಲ್ಲ ಬಂಧಗಳು 3, ಟರ್ಷಿಯರಿ ಬ್ಯುಟೈಲ್‌ಗೆ 9. ಎಲ್ಲವೂ ಏಕಕಾಲಕ್ಕೆ ಸರಿಯಾದ ಕೋನದಲ್ಲಿ ಇರುವುದಿಲ್ಲ, ಆದರೂ ಒಟ್ಟು ಆಸರೆ ಹೆಚ್ಚು. ಸ್ಫಟಿಕದಲ್ಲಿ ಅಳೆದಾಗ ಈ ಅಯಾನಿನ ಕಾರ್ಬನ್-ಕಾರ್ಬನ್ ಬಂಧ ಸುಮಾರು 1.44 ಆಂಗ್‌ಸ್ಟ್ರಾಮ್, ಸಾಮಾನ್ಯ ಏಕಬಂಧ 1.54. ಎಲೆಕ್ಟ್ರಾನ್‌ಗಳು ಹರಿದುಬಂದದ್ದಕ್ಕೆ ಈ ಕುಗ್ಗುವಿಕೆಯೇ ಗುರುತು.

ಆವೇಶವಿಲ್ಲದ ಈಥೇನ್‌ನಲ್ಲೂ ಇದೇ ನಡೆಯುತ್ತದೆ. ಅಲ್ಲಿ ಖಾಲಿ ಇರುವುದು ಎದುರು ಬಂಧದ ಪ್ರತಿಬಂಧಕ ಕಕ್ಷಕ. ಒಂದು ತುದಿಯ ಹೈಡ್ರೋಜನ್‌ಗಳು ಇನ್ನೊಂದು ತುದಿಯವುಗಳ ಸಂದಿಗೆ ಬರುವ ಸ್ಟ್ಯಾಗರ್ಡ್ ಭಂಗಿಯಲ್ಲಿ, ಪ್ರತಿ ಬಂಧಕ್ಕೂ 180 ಡಿಗ್ರಿ ಆಚೆ ಇನ್ನೊಂದು ಬಂಧವಿದ್ದು ವ್ಯಾಪನೆ ಅತಿ ಹೆಚ್ಚಾಗಿರುತ್ತದೆ. ಅಣುವನ್ನು 60 ಡಿಗ್ರಿ ತಿರುಗಿಸಿ ಹೈಡ್ರೋಜನ್‌ಗಳನ್ನು ಎದುರುಬದುರು ತಂದರೆ ಮೋಲ್‌ಗೆ ಸುಮಾರು 12 ಕಿಲೋಜೂಲ್ ಶಕ್ತಿ ಹೆಚ್ಚು ಬೇಕು.

ಈ 12ರಲ್ಲಿ ಹೈಪರ್‌ಕಾಂಜುಗೇಷನ್ ಪಾಲೆಷ್ಟು, ಬಂಧಗಳ ಪರಸ್ಪರ ವಿಕರ್ಷಣೆಯ ಪಾಲೆಷ್ಟು ಎಂಬ ಬಗ್ಗೆ 2001ರಿಂದೀಚೆಗೆ ಬಿರುಸಿನ ವಾದ ನಡೆದಿದೆ. ಶಕ್ತಿಯನ್ನು ಭಾಗ ಮಾಡುವ ಲೆಕ್ಕದ ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತದೆ.