ಬಾಂಬ್ ಇರುವುದು ಮೊದಲೇ ಗೊತ್ತಾದರೆ ಥ್ರಿಲ್ಲರ್ ಕೆಡುತ್ತದೆಯೇ?

'ಕೊನೆಯಲ್ಲಿ ಟ್ವಿಸ್ಟ್ ಇದೆ, ಪೂರ್ತಿ ನೋಡಿ' ಎಂಬ ಒಕ್ಕಣೆಯೊಂದಿಗೆ ಐದು ನಿಮಿಷದ ಥ್ರಿಲ್ಲರ್ ಕಿರುಚಿತ್ರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಎಲ್ಲವನ್ನೂ ಕೊನೆಯವರೆಗೆ ಮುಚ್ಚಿಟ್ಟರೆ ಮಾತ್ರ ಥ್ರಿಲ್ ಎಂದು ಹಲವರು ನಂಬಿದ್ದಾರೆ. ಮುಚ್ಚಿಟ್ಟರೆ ಸಿಗುವುದು ಅಚ್ಚರಿ. ಸಸ್ಪೆನ್ಸ್ ಬೇಕಿದ್ದರೆ ಮಾಡಬೇಕಾದದ್ದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ.

ಇದನ್ನು ಸರಳವಾಗಿ ವಿವರಿಸಿದವರು ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಕೆಳಗಿದ್ದ ಬಾಂಬ್ ಸಿಡಿಯುತ್ತದೆ. ನಾವು ಬೆಚ್ಚುವುದು ಹದಿನೈದು ಸೆಕೆಂಡು. ಅದೇ ಬಾಂಬನ್ನು ನಮಗೆ ಮೊದಲೇ ತೋರಿಸಿ, ಒಂದು ಗಂಟೆಗೆ ಸಿಡಿಯುತ್ತದೆ ಎಂದು ತಿಳಿಸಿ, ಗೋಡೆ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಆಗಿರುವುದನ್ನು ತೋರಿಸಿದರೆ ಅದೇ ಸಪ್ಪೆ ಹರಟೆ ಹದಿನೈದು ನಿಮಿಷ ನಮ್ಮನ್ನು ಕುರ್ಚಿಯ ತುದಿಯಲ್ಲಿ ಕೂರಿಸುತ್ತದೆ.

ಈಗ ಒಂದು ಕಿರುಚಿತ್ರ ಕಟ್ಟಿ ನೋಡೋಣ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಬೆಂಕಿ ಆರುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇದೆ. ಇದನ್ನು ನೋಡಿದವರು ನಾವಷ್ಟೇ. ಸಂಜೆ ಅಪ್ಪ ಮನೆಗೆ ಬರುತ್ತಾರೆ. ಅವರಿಗೆ ನೆಗಡಿ, ವಾಸನೆ ತಿಳಿಯದು. ಕತ್ತಲಲ್ಲಿ ಸ್ವಿಚ್ ಹಾಕುತ್ತಾರೆ, ಕರೆಂಟ್ ಇಲ್ಲ! ನಾವು ಉಸಿರು ಬಿಡುವಷ್ಟರಲ್ಲಿ ಬೆಂಕಿಪೊಟ್ಟಣ ಹುಡುಕಲು ಶುರು ಮಾಡುತ್ತಾರೆ.

ಇಲ್ಲಿ ನೆಗಡಿ ಬಹಳ ಮುಖ್ಯ. ಅದಿಲ್ಲದಿದ್ದರೆ 'ಇಷ್ಟು ವಾಸನೆ ಗೊತ್ತಾಗಲ್ವಾ' ಎಂದು ನಾವು ಅಪ್ಪನ ಮೇಲೇ ರೇಗುತ್ತೇವೆ, ಭಯ ಅಲ್ಲಿಗೇ ಹೋಗುತ್ತದೆ. ಬೆಂಕಿಕಡ್ಡಿ ಗೀರುವ ಹೊತ್ತಿಗೆ ಸೀನಿಸಿ ನೆಗಡಿ ತೋರಿಸಿದರೂ ತಡವಾಯಿತು. ಬಾಗಿಲು ತೆಗೆಯುವಾಗಲೇ ಸೀನಬೇಕು. (ನಿಜ ಜೀವನದಲ್ಲಿ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆಫ್ ಮಾಡಲೂ ಕೂಡ. ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಬಂದ್ ಮಾಡಿ.)

ಕಡ್ಡಿ ಗೀರಿ ಮನೆ ಸಿಡಿಸಿದರೆ ಹೇಗೆ? ಹಿಚ್‌ಕಾಕ್ ಇದನ್ನು ಒಮ್ಮೆ ಮಾಡಿ ನೋಡಿದ್ದರು. 1936ರ 'ಸಬೋಟಾಜ್' ಚಿತ್ರದಲ್ಲಿ ಸ್ಟೀವಿ ಎಂಬ ಹುಡುಗ ಒಳಗೇನಿದೆ ಎಂದು ತಿಳಿಯದೆ ಒಂದು ಪೊಟ್ಟಣ ಹೊತ್ತು ಲಂಡನ್ನಿನ ಬೀದಿಗಳಲ್ಲಿ ಹೋಗುತ್ತಾನೆ. ಅದು 1.45ಕ್ಕೆ ಸಿಡಿಯುವ ಬಾಂಬ್ ಎಂದು ನಮಗೆ ಗೊತ್ತು. ಬೀದಿ ವ್ಯಾಪಾರಿ ಅವನನ್ನು ತಡೆಯುತ್ತಾನೆ, ಮೆರವಣಿಗೆ ದಾರಿ ಕಟ್ಟುತ್ತದೆ, ಗಡಿಯಾರಗಳು ಮುಂದೆ ಹೋಗುತ್ತವೆ. ಬಸ್ಸಿನಲ್ಲಿ ಅವನು ಪಕ್ಕದ ನಾಯಿಮರಿಯನ್ನು ಮುದ್ದಿಸುತ್ತಿರುವಾಗ ಬಾಂಬ್ ಸಿಡಿದೇ ಬಿಡುತ್ತದೆ.

ಪ್ರೇಕ್ಷಕರು ಸಿಟ್ಟಾದರು. ಹುಡುಗನನ್ನು ಅಷ್ಟು ಹಚ್ಚಿಕೊಳ್ಳುವಂತೆ ಮಾಡಿ ಕೊಂದದ್ದು ತಪ್ಪು ಎಂದು ಹಿಚ್‌ಕಾಕ್ ಮುಂದೆ ನಿರ್ದೇಶಕ ಫ್ರಾನ್ಸ್ವಾ ತ್ರೂಫೊ ಅವರ ಬಳಿ ಒಪ್ಪಿಕೊಂಡರು. ಆದರೂ ಆ ಬಸ್ಸಿನ ದೃಶ್ಯದ ಬಲವೇ ಅದು ಎನ್ನುವವರೂ ಇದ್ದಾರೆ. ನಮ್ಮ ಅಪ್ಪನ ಕಥೆಯಲ್ಲಿ ನಾವಾದರೆ ಬೆಂಕಿಪೊಟ್ಟಣವನ್ನು ಖಾಲಿ ಇಡುತ್ತೇವೆ, ಅಷ್ಟರಲ್ಲಿ ಅಮ್ಮ ಬಂದು ಮೂಗು ಮುಚ್ಚಿಕೊಳ್ಳುತ್ತಾರೆ.