ಚೌಕಳಿ ಫ್ರಾಕಿಗೆ ತೋಳು ಬಂದ ಬಗೆ

ಒಂದೇ ಹುಡುಗಿಯ ಎರಡು ಭಾವಚಿತ್ರಗಳನ್ನು ಕಾರ್ಯಕ್ರಮದಲ್ಲಿ ತೋರಿಸಿ, ಬೇರೆ ಏನಿದೆ ಎಂದು ಕೇಳಿದ್ದೆವು. ಒಂದರಲ್ಲಿ ಕೆಂಪು-ಬಿಳಿ ಚೌಕಳಿಯ, ತೋಳಿಲ್ಲದ, ಅಗಲ ಕೊರಳಿನ ಫ್ರಾಕು. ಇನ್ನೊಂದರಲ್ಲಿ ಅದೇ ಬಟ್ಟೆ, ಆದರೆ ಕೊರಳು ಮುಚ್ಚಿದೆ, ಮೊಣಕೈವರೆಗೆ ತೋಳಿದೆ. ಎರಡನೆಯ ಫ್ರಾಕನ್ನು ಆ ಹುಡುಗಿ ತೊಟ್ಟೇ ಇರಲಿಲ್ಲ. ಐದು ನಿಮಿಷದಲ್ಲಿ ಹೇಳಲು ಸಾಧ್ಯವಾಗದ ಆ ಕೆಲಸವನ್ನು ಇಲ್ಲಿ ಬಿಡಿಸಿ ನೋಡೋಣ.

ಸಂದರ್ಭ ಇದು. ಒಂದು ಕಿರುಚಿತ್ರಕ್ಕಾಗಿ ಗೋಡೆಗೆ ನೇತುಹಾಕುವ ಭಾವಚಿತ್ರವನ್ನು ಮೊದಲೇ ತೆಗೆದಿಟ್ಟಿದ್ದೆವು. ಆಮೇಲೆ ಕಥೆ ತಿದ್ದಿಕೊಂಡಿತು. ತಾಯಿ ಹಳೆಯ ಟ್ರಂಕಿನಿಂದ ಮಗಳ ಫ್ರಾಕನ್ನು ತೆಗೆದು, ಗೋಡೆಯ ಚಿತ್ರದ ಪಕ್ಕ ಹಿಡಿದು ನೋಡುವ ದೃಶ್ಯ ಸೇರಿತು. ಟ್ರಂಕಿಗೆಂದು ಹೊಲಿಸಿದ್ದ ಫ್ರಾಕಿಗೆ ತೋಳಿತ್ತು. ಹುಡುಗಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಮತ್ತೆ ಕರೆಸುವಂತಿರಲಿಲ್ಲ. ಅವಳನ್ನೂ ಅವಳ ತಂದೆತಾಯಿಯನ್ನೂ ಕೇಳಿ ಒಪ್ಪಿಗೆ ಪಡೆದು ಚಿತ್ರವನ್ನೇ ಬದಲಿಸಲು ಕುಳಿತೆವು. ಇನ್ನೊಬ್ಬರ ಉಡುಪನ್ನು ಚಿತ್ರದಲ್ಲಿ ಬದಲಿಸುವಾಗ ಈ ಒಪ್ಪಿಗೆ ಮೊದಲ ಮೆಟ್ಟಿಲು, ಕೊನೆಯದಲ್ಲ.

ನಮ್ಮ ಮೊದಲ ಯತ್ನ ಸೋತಿತು. ಎದೆಯ ಭಾಗದ ಬಟ್ಟೆಯನ್ನು ಕತ್ತರಿಸಿ ತೋಳಿನ ಮೇಲೆ ಅಂಟಿಸಿದೆವು. ಗೆರೆಗಳು ಎದೆಯಿಂದ ತೋಳಿಗೆ ಎಲ್ಲೂ ತುಂಡಾಗದೆ ಹರಿದಿದ್ದವು. ಅಚ್ಚುಹಾಕಿಸಿ ತಂದು ಮೇಜಿನ ಮೇಲಿಟ್ಟಾಗ ನಮ್ಮ ತಂಡದ ದರ್ಜಿ ನೋಡಿ, "ಸಾರ್, ಈ ತೋಳು ಹೊಲಿದದ್ದಲ್ಲ, ಮೈಯಿಂದ ಬೆಳೆದದ್ದು" ಎಂದರು. ಅವರ ಮಾತು ಅರ್ಥವಾಗಲು ಇಡೀ ಒಂದು ದಿನ ಬೇಕಾಯಿತು.

ಬಟ್ಟೆಯ ವಿನ್ಯಾಸ ಬೇರೆ, ಅದರ ಮೇಲೆ ಬಿದ್ದ ಬೆಳಕು ಬೇರೆ. ಮೈಯ ಬಾಗು ಮೂರನೆಯದು. ಚಿತ್ರದಲ್ಲಿ ಈ ಮೂರೂ ಬೆರೆತುಹೋಗಿರುತ್ತವೆ. ಒಂದು ತುಂಡನ್ನು ಕತ್ತರಿಸಿ ಅಂಟಿಸಿದರೆ ಎದೆಯ ಮೇಲಿನ ಬೆಳಕೂ ಎದೆಯ ಬಾಗೂ ಅದರ ಜೊತೆಗೇ ತೋಳಿಗೆ ಬರುತ್ತವೆ. ಆದ್ದರಿಂದ ಮೊದಲು ವಿನ್ಯಾಸವನ್ನು ಮಾತ್ರ ಬೇರ್ಪಡಿಸಿ, ಚಪ್ಪಟೆ ಬಟ್ಟೆಯೊಂದನ್ನು ತಯಾರಿಸಿಕೊಳ್ಳಬೇಕು. ಅದನ್ನು ಹೊಸ ಜಾಗಕ್ಕೆ ತಕ್ಕಂತೆ ಬಾಗಿಸಿ, ಕೊನೆಯಲ್ಲಿ ನೆರಳು ಹಾಕಬೇಕು. ನಾವು ಬಳಸಿದ್ದು ಉಚಿತವಾಗಿ ಸಿಗುವ GIMP ಎಂಬ ತಂತ್ರಾಂಶ. ಬೇರೆ ತಂತ್ರಾಂಶಗಳಲ್ಲೂ ಇದೇ ಉಪಕರಣಗಳು ಬೇರೆ ಹೆಸರಿನಲ್ಲಿರುತ್ತವೆ.

ಚಪ್ಪಟೆ ಬಟ್ಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಸುಕ್ಕಿಲ್ಲದ, ಒಂದೇ ಸಮ ಬೆಳಕಿರುವ ಜಾಗವನ್ನು ಆರಿಸಿದೆವು. ನಮ್ಮ ಚಿತ್ರದಲ್ಲಿ ಒಂದು ಚೌಕದ ಅಗಲ 40 ಪಿಕ್ಸೆಲ್. ಆದರೆ ವಿನ್ಯಾಸ 40ಕ್ಕೆ ಪುನರಾವರ್ತನೆ ಆಗುವುದಿಲ್ಲ. ಕೆಂಪು ಪಟ್ಟೆಯ ನಂತರ ಬಿಳಿ ಪಟ್ಟೆ ಬಂದು, ಮತ್ತೆ ಕೆಂಪು ಶುರುವಾಗುವುದು 80ಕ್ಕೆ. ಹೀಗೆ 80ಕ್ಕೆ 80ರ ತುಂಡೊಂದು ಈ ಬಟ್ಟೆಯ ಬೀಜ. ಆ ತುಂಡಿನ ನಾಲ್ಕು ಮೂಲೆಗಳು ನಾಲ್ಕು ಕೆಂಪು ಚೌಕಗಳ ಒಂದೇ ಬಗೆಯ ಮೂಲೆಯಲ್ಲಿ ಕೂರಬೇಕು. ಕ್ಯಾಮೆರಾ ಓರೆಯಾಗಿದ್ದರೆ ಈ ತುಂಡು ಸ್ವಲ್ಪ ಸೊಟ್ಟಗಿರುತ್ತದೆ. Perspective ಉಪಕರಣದಿಂದ ಮೂಲೆಗಳನ್ನು ಎಳೆದು ಸರಿಯಾದ ಚೌಕ ಮಾಡಿಕೊಳ್ಳಬೇಕು.

ತುಂಡು ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. Offset ಎಂಬ ಆಜ್ಞೆಯಿಂದ ಅದನ್ನು ಅರ್ಧ ಅಗಲ, ಅರ್ಧ ಎತ್ತರ ಸರಿಸಿದರೆ ಅಂಚುಗಳೆಲ್ಲ ನಡುವಿಗೆ ಬರುತ್ತವೆ. ನಡುವೆ ಜೋಡಣೆಯ ಗೆರೆ ಕಂಡರೆ ಅಳತೆ ತಪ್ಪಿದೆ. ಗೆರೆ ಕಾಣದೆ ಒಂದು ಬದಿ ಮಾತ್ರ ಮಂಕಾಗಿದ್ದರೆ, ಅಳತೆ ಸರಿ, ಆದರೆ ಬೆಳಕು ಇನ್ನೂ ಅಂಟಿಕೊಂಡಿದೆ. ಅದನ್ನು ಹಾಗೇ ಬಿಟ್ಟು ಹಾಸಿದರೆ ಪ್ರತಿ 80 ಪಿಕ್ಸೆಲ್ಲಿಗೊಮ್ಮೆ ಮಂಕು ಪಟ್ಟೆಯೊಂದು ಕಾಣಿಸುತ್ತದೆ, ಕೊಳೆಯಾದ ಸೀರೆಯ ಮಡಿಕೆಯ ಹಾಗೆ. ಆ ಬದಿಯನ್ನು ಮೊದಲೇ ತಿಳಿಗೊಳಿಸಿಕೊಳ್ಳಬೇಕು.

ಇನ್ನು ಕೊರಳು. ಕೊರಳು ಮುಚ್ಚುವುದು ತೋಳಿಗಿಂತ ಸುಲಭ. ಏಕೆಂದರೆ ಅಲ್ಲಿ ಬಟ್ಟೆ ನಿಜಕ್ಕೂ ಒಂದೇ ತುಂಡು, ಹಾಗಾಗಿ ವಿನ್ಯಾಸವೂ ತುಂಡಾಗದೆ ಮುಂದುವರಿಯಬೇಕು. ಅಗಲ ಕೊರಳಿನ ಎರಡೂ ಬದಿಯಲ್ಲಿ ಭುಜದವರೆಗೆ ಬಟ್ಟೆಯ ಪಟ್ಟಿ ಇದ್ದೇ ಇರುತ್ತದಲ್ಲವೆ? ಎಡ ಪಟ್ಟಿಯ ಮೇಲಿನ ಅಡ್ಡ ಗೆರೆಯೂ ಬಲ ಪಟ್ಟಿಯ ಮೇಲಿನ ಅಡ್ಡ ಗೆರೆಯೂ ಒಂದೇ ಎಳೆಯ ಎರಡು ತುದಿಗಳು. ಹೊಸ ಪದರದ ಮೇಲೆ ತೆಳುವಾದ ಹಸಿರು ಗೆರೆಯಿಂದ ಆ ತುದಿಗಳನ್ನು ಜೋಡಿಸಿದೆವು. ಉದ್ದ ಗೆರೆಗಳನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ, ಅವು ಬಾಗುತ್ತಿದ್ದ ರೀತಿಯಲ್ಲೇ ಬೆಳೆಸಿದೆವು.

ಹೀಗೆ ಗೆರೆ ಎಳೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತುಂಬಬೇಕಾದ ಎತ್ತರ 108 ಪಿಕ್ಸೆಲ್. 40ರಂತೆ ಲೆಕ್ಕ ಹಾಕಿದರೆ ಮೂರು ಚೌಕವೂ ಹಿಡಿಸುವುದಿಲ್ಲ. ಆದರೆ ಪಟ್ಟಿಗಳ ಮೇಲೆ ಎಣಿಸಿದರೆ ಅಷ್ಟೇ ಎತ್ತರದಲ್ಲಿ ಮೂರು ಚೌಕ ಇವೆ: 38, 36, 34. ಎದೆಯ ಮೇಲ್ಭಾಗ ಭುಜದ ಕಡೆಗೆ ಹಿಂದಕ್ಕೆ ವಾಲಿರುವುದರಿಂದ ಚೌಕಗಳು ಮೇಲೇರಿದಂತೆ ಗಿಡ್ಡವಾಗುತ್ತವೆ. 40ರ ಚೌಕಗಳನ್ನೇ ಹಾಸಿದ್ದರೆ ಭುಜದ ಬಳಿ ಕೆಂಪಿನ ಎದುರು ಬಿಳಿ ಬಂದು ನಿಲ್ಲುತ್ತಿತ್ತು. ಚಪ್ಪಟೆ ಬಟ್ಟೆಯನ್ನು ಆ ಜಾಗದ ಮೇಲಿಟ್ಟು, Warp Transform ಉಪಕರಣದಿಂದ ಅದರ ಗೆರೆಗಳು ಕೂಡುವ ಬಿಂದುಗಳನ್ನು ಹಸಿರು ಗೆರೆಗಳ ಬಿಂದುಗಳಿಗೆ ಒಂದೊಂದಾಗಿ ತಳ್ಳಿದೆವು.

ಕೊರಳಿನಲ್ಲಿ ಎರಡು ಚಿಕ್ಕ ತಪ್ಪುಗಳು ಎಲ್ಲರಿಂದಲೂ ಆಗುತ್ತವೆ. ಹಳೆಯ ಕೊರಳಿನ ಹೊಲಿಗೆಯ ಗೆರೆಯನ್ನೂ ಅದರ ಅಂಚಿನ ನೆರಳನ್ನೂ ಅಳಿಸಲು ಮರೆಯುವುದು ಒಂದು. ಹೊಸ ಕೊರಳಿನ ಅಂಚುಪಟ್ಟಿ ಇನ್ನೊಂದು. ದರ್ಜಿ ಆ ಪಟ್ಟಿಯನ್ನು ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮಾಡುತ್ತಾನೆ. ಇಲ್ಲದಿದ್ದರೆ ಅದು ದುಂಡಗೆ ತಿರುಗುವುದಿಲ್ಲ. ಆದ್ದರಿಂದ ಅದರ ಮೇಲೆ ಚೌಕಗಳು ನೆಟ್ಟಗೆ ನಿಲ್ಲದೆ ಓರೆಯಾಗಿ, ವಜ್ರದಾಕಾರದಲ್ಲಿ ಕಾಣಬೇಕು.

ಈಗ ದರ್ಜಿಯ ಮಾತಿಗೆ ಬರೋಣ. ತೋಳು ಬೇರೆ ತುಂಡು. ಅದನ್ನು ಬೇರೆಯಾಗಿ ಕತ್ತರಿಸಿ ಕಂಕುಳಿನ ಸುತ್ತ ಹೊಲಿದು ಜೋಡಿಸುತ್ತಾರೆ. ಬಟ್ಟೆಯ ನೇರ ಎಳೆ ಎದೆಯ ಮೇಲೆ ನೆಲದ ಕಡೆಗೆ ಇಳಿದರೆ, ತೋಳಿನಲ್ಲಿ ಅದು ಭುಜದಿಂದ ಮೊಣಕೈಯ ದಿಕ್ಕಿಗೆ ಇಳಿಯುತ್ತದೆ. ಕೈ ಓರೆಯಾದರೆ ಚೌಕಳಿಯೂ ಕೈಯೊಡನೆ ಓರೆಯಾಗುತ್ತದೆ. ಒಳ್ಳೆಯ ದರ್ಜಿ ಕೂಡ ಅಡ್ಡ ಗೆರೆಗಳನ್ನು ತೋಳುಗುಂಡಿಯ ಮುಂಭಾಗದಲ್ಲಿ ಸುಮಾರು ನಡುಮಟ್ಟದಲ್ಲಿ ಹೊಂದಿಸುತ್ತಾನೆ. ತೋಳಿನ ತಲೆಭಾಗ ದುಂಡಗಿರುವುದರಿಂದ ಭುಜದ ತುದಿಯ ಬಳಿ ಅವು ಹೊಂದುವುದಿಲ್ಲ. ಅಂದರೆ ವಿನ್ಯಾಸದ ಅಖಂಡತೆ ಎಂದರೆ ಎಲ್ಲ ಕಡೆ ಗೆರೆ ಕೂಡಿಸುವುದಲ್ಲ. ಕೂಡಬೇಕಾದಲ್ಲಿ ಕೂಡಿ, ಹೊಲಿಗೆಯಲ್ಲಿ ತುಂಡಾಗಬೇಕಾದಲ್ಲಿ ತುಂಡಾಗಬೇಕು. ನಾವು ಹೊಲಿಗೆಯ ಗೆರೆಯನ್ನೇ ಎಳೆಯದೆ ಗೆರೆಗಳನ್ನು ಹರಿಸಿದ್ದೆವು.

ತೋಳಿನ ಬಾಗನ್ನು ಮಾತ್ರ ಅಂದಾಜಿನಿಂದ ಬಿಡಬಾರದು. ಇಲ್ಲಿ ನಿಮ್ಮ ತ್ರಿಕೋಣಮಿತಿ ಕೆಲಸಕ್ಕೆ ಬರುತ್ತದೆ. ತೋಳನ್ನು ಕೊಳವೆ ಎಂದುಕೊಳ್ಳಿ. ಚಿತ್ರದಲ್ಲಿ ಅದರ ಅಗಲ 160 ಪಿಕ್ಸೆಲ್, ಅಂದರೆ ತ್ರಿಜ್ಯ 80. ಚಪ್ಪಟೆಯಾಗಿ ಅಂಟಿಸಿದರೆ 160ರಲ್ಲಿ 40ರ ನಾಲ್ಕು ಚೌಕ ಕಾಣುತ್ತವೆ. ಆದರೆ ನಮಗೆ ಕಾಣುವುದು ಕೊಳವೆಯ ಅರ್ಧ ಸುತ್ತು, ಅದರ ಉದ್ದ ಸುಮಾರು 251. ಅದರಲ್ಲಿ ಆರಕ್ಕಿಂತ ತುಸು ಹೆಚ್ಚು ಚೌಕಗಳಿವೆ. ನಡುಗೆರೆಯಿಂದ ಒಂದು ಬದಿಗೆ ಪ್ರತಿ ಗೆರೆಯ ದೂರ ಹೀಗೆ ಬರುತ್ತದೆ, ಕೋನ ರೇಡಿಯನ್‌ಗಳಲ್ಲಿದೆ:

```
80 × sin(0.5) = 38
80 × sin(1.0) = 67
80 × sin(1.5) = 80
```

ಅಂದರೆ ನಡುವಿನ ಚೌಕದ ಅಗಲ 38, ಅದರ ಪಕ್ಕದ್ದು 29, ಅಂಚಿನದು ಬರೀ 13. ಈ ಇಕ್ಕಟ್ಟು ಕಂಡೊಡನೆ ನಮ್ಮ ಕಣ್ಣು 'ಇದು ದುಂಡಗಿದೆ' ಎಂದು ಒಪ್ಪುತ್ತದೆ. ಎಲ್ಲ ಚೌಕವೂ ಒಂದೇ ಅಗಲವಿದ್ದರೆ ಎಷ್ಟೇ ನೆರಳು ಹಚ್ಚಿದರೂ ತೋಳು ರಟ್ಟಿನಂತೆಯೇ ಕಾಣುತ್ತದೆ.

ಅಡ್ಡ ಗೆರೆಗಳೂ ನೇರವಲ್ಲ. ಕ್ಯಾಮೆರಾ ಹುಡುಗಿಯ ಕಣ್ಣಿನ ಮಟ್ಟದಲ್ಲಿತ್ತು. ತೋಳಿನ ಅಂಚು ಅದಕ್ಕಿಂತ ಕೆಳಗೆ. ಬಳೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಅಡ್ಡವಾಗಿ ಹಿಡಿದು ನೋಡಿ. ಹತ್ತಿರದ ಅಂಚು ಕೆಳಕ್ಕೆ ಬಾಗಿದಂತೆ ಕಾಣುತ್ತದೆ. ತೋಳಿನ ಅಂಚೂ ಅದರ ಮೇಲಿನ ಅಡ್ಡ ಗೆರೆಗಳೂ ಹಾಗೆಯೇ ಬಾಗಬೇಕು. ತೋಳು ಕೈಗೆ ಮೆತ್ತಿಕೊಳ್ಳದೆ ಎರಡೂ ಬದಿ ಬೆರಳು ತೂರುವಷ್ಟು ಸಡಿಲ ಬಿಡಬೇಕು. ಅಂಚಿನ ಕೆಳಗೆ ಚರ್ಮದ ಮೇಲೆ ಸಣ್ಣ ನೆರಳೂ ಬೀಳಬೇಕು. ಮೊಣಕೈ ದಾಟಿಸಿದರೆ ಮಡಿಕೆಯ ಸುಕ್ಕುಗಳನ್ನೆಲ್ಲ ಬರೆಯಬೇಕಾಗುತ್ತದೆ. ನಾವು ಮೂರು ಬೆರಳು ಮೇಲೆಯೇ ನಿಲ್ಲಿಸಿದೆವು. ಟ್ರಂಕಿನ ಫ್ರಾಕಿನ ತೋಳನ್ನೂ ಅಷ್ಟೇ ಗಿಡ್ಡ ಮಾಡಿಸಿದೆವು ಎಂಬುದು ಒಳಗಿನ ಗುಟ್ಟು.

ಕೊನೆಗೆ ನೆರಳು. ಬಟ್ಟೆಯ ಮೇಲೆ ಹೊಸ ಪದರ ಹಾಕಿ, ಅದರ ಕ್ರಮವನ್ನು Multiply ಎಂದು ಇಟ್ಟು, ಬೂದು ಬಣ್ಣದ ಮೆತ್ತನೆಯ ಕುಂಚದಿಂದ ಬರೆಯಬೇಕು. ಈ ಕ್ರಮ ಎರಡು ಪದರಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುತ್ತದೆ. ಬೂದು 204 ಆದರೆ ಬಿಳಿಯ 255 ಎನ್ನುವುದು 204 ಆಗುತ್ತದೆ, 200 ಇದ್ದದ್ದು 160 ಆಗುತ್ತದೆ. ಎರಡೂ ಅದೇ ಐದನೆಯ ಒಂದು ಪಾಲು ಮಂಕಾಗುತ್ತವೆ, ನಿಜವಾದ ನೆರಳಿನಲ್ಲಿ ಆಗುವ ಹಾಗೆಯೇ. ಕಪ್ಪು ಬಣ್ಣವನ್ನು ಮಾಮೂಲಿಯಾಗಿ ಬಳಿದರೆ ಚೌಕಳಿಯ ಮೇಲೆ ಮಸಿ ಕವಿದಂತಾಗುತ್ತದೆ. ನೆರಳು ಎಲ್ಲಿ ಬೀಳಬೇಕೆಂದು ಮೂಲಚಿತ್ರದ ಬರಿಯ ಕೈಯೇ ಹೇಳುತ್ತದೆ. ಆದರೆ ಚರ್ಮದ ಹೊಳಪನ್ನು ನಕಲು ಮಾಡಬೇಡಿ. ಹತ್ತಿ ಬಟ್ಟೆ ಹಾಗೆ ಹೊಳೆಯುವುದಿಲ್ಲ. ಮೂಲಚಿತ್ರದಲ್ಲಿ ಸಣ್ಣ ಕಾಳುಕಾಳು ಇದ್ದರೆ ಹೊಸ ಭಾಗಕ್ಕೂ ಅಷ್ಟೇ ಬೆರೆಸಬೇಕು, ಇಲ್ಲದಿದ್ದರೆ ತೋಳು ಮಾತ್ರ ಆಗತಾನೆ ಒಗೆದಂತೆ ಕಾಣುತ್ತದೆ.

ಮುಗಿದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಪಳಗಿದ ಕಣ್ಣಿಗೆ ತಪ್ಪಿಹೋದ ದೋಷ ಆಗ ಎದ್ದು ಕಾಣುತ್ತದೆ. ನಮ್ಮ ಎರಡನೆಯ ಪ್ರತಿಯಲ್ಲಿ ಹೀಗೆ ತಿರುಗಿಸಿದಾಗಲೇ ಎಡಭುಜದ ಬಳಿ ಎರಡು ಕೆಂಪು ಪಟ್ಟೆ ಅಕ್ಕಪಕ್ಕ ಬಂದಿರುವುದು ತಿಳಿಯಿತು. ದೂರದರ್ಶನಕ್ಕಾದರೆ ಇನ್ನೊಂದು ಕಾಟವಿದೆ: ತೀರ ಸಣ್ಣ ಚೌಕಳಿ ಪರದೆಯ ಮೇಲೆ ನೀರಿನಂತೆ ನಡುಗುತ್ತದೆ. ಅದಕ್ಕೇ ನಾವು ಮೊದಲಿನಿಂದಲೂ ದಪ್ಪ ಚೌಕಳಿಯನ್ನು ಆರಿಸಿದ್ದೆವು.

ಈ ವಿಧಾನಕ್ಕೊಂದು ಮಿತಿಯಿದೆ. ಬಟ್ಟೆಯ ಬೀಜ, ಅಂದರೆ ಪೂರ್ಣ ಒಂದು ಆವರ್ತನೆ, ಚಿತ್ರದಲ್ಲಿ ಎಲ್ಲಾದರೂ ಕಾಣಲೇಬೇಕು. ದೊಡ್ಡ ಬಳ್ಳಿಯ ಅಚ್ಚಿನ ಬಟ್ಟೆಯಲ್ಲಿ ಎದೆಯ ಮೇಲೆ ಬಳ್ಳಿಯ ಅರ್ಧವಷ್ಟೇ ಕಾಣುತ್ತಿದ್ದರೆ ಉಳಿದರ್ಧ ಹೇಗಿದೆಯೆಂದು ಯಾವ ಉಪಕರಣವೂ ಹೇಳಲಾರದು. ಬರೆದದ್ದೆಲ್ಲ ನಮ್ಮ ಕಲ್ಪನೆಯಾಗುತ್ತದೆ. ಅಂಥ ಚಿತ್ರಕ್ಕೆ ಆ ಅಚ್ಚಿನಲ್ಲೇ ಇರುವ ಒಂದು ಬಣ್ಣವನ್ನು ಆರಿಸಿ ಸಾದಾ ತೋಳು ಹಾಕುವುದು ಮೇಲು. ಬಟ್ಟೆ ಸಾಲದೆ ಬಂದಾಗ ನಮ್ಮ ದರ್ಜಿಯೂ ಅದನ್ನೇ ಮಾಡುತ್ತಾರೆ.